ಕೊನೆಯ ಚೌಕದ ಹದಿನಾಲ್ಕು ಸೆಕೆಂಡು

ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಪ್ರಿಯಾಂಕಾ ಹಾಳೆಯಿಂದ ತಲೆ ಎತ್ತಿ ನೋಡಿದರೆ, ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಕ್ಯಾಲೆಂಡರಿನ ಮುಂದೆ ನಿಂತಿದ್ದಳು.

"ನಾಡದು ಅಮವಾಸಿ. ಅದರ ಮುಂದ ಅಧಿಕ ಮಾಸ ಬೀಳ್ತೈತಿ," ಅಂದಳು ಉಮಾದೇವಿ. "ಇದು ಲೆಕ್ಕಕ್ಕ ಬರಂಗಿಲ್ಲ. ನಿಮ್ಮಣ್ಣಗ ಈಗ ಹೇಳಿಬಿಡ್ರಿ."

ಅಪ್ಪ ಬೀರಲಿಂಗ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತಿದ್ದ. ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಊರಿನ ಸುಟ್ಟ ಫ್ಯಾನು, ಕೂಲರುಗಳೆಲ್ಲ ಅವನ ಬಾಗಿಲಿಗೇ. ಮನೆಯಲ್ಲಿ ಇದ್ದದ್ದು ಮಾತ್ರ ಒಂದೇ ಕೂಲರು, ಅದೂ ಒಂದೇ ಕಡೆ ಗಾಳಿ ಬಿಡುವಂಥದ್ದು.

"ಹೇಳ್ತೀನಿ ತಗೋ."

"ಹೇಳ್ತೀನಿ ಅಂತ ಎಂಟು ದಿನ ಆತು. ಆರು ವರ್ಷ ಆಗೈತಿ ನಾ ತವರಮನ್ಯಾಗ ನಾಕು ದಿನ ಇದ್ದು. ಗುರುಗುಂಟಾದಿಂದ ನಮ್ಮಪ್ಪ ತಾನ ಬಂದು ಅಳಿಯನ್ನ, ಮಗಳ್ನ ಅಧಿಕ ಮಾಸಕ್ಕ ಕರದು ಹೋಗ್ಯಾನ. ಅತ್ತಿ ಇಲ್ಲಿಗೆ ಬಂದ್ರ ನಾ ಹೆಂಗ ಹೋಗ್ಲಿ?"

ಎರಡು ವರ್ಷದ ಹಿಂದೆ ಪ್ರಿಯಾಂಕಾಳ ಅಜ್ಜ ತೀರಿಕೊಂಡಾಗ ಕುರಿ ಮಾರಿ, ಮಸ್ಕಿ ಹತ್ತಿರದ ಹಳ್ಳಿಯ ಮನೆ ಬಿಟ್ಟುಕೊಟ್ಟು ಅಣ್ಣತಮ್ಮಂದಿರು ಬೇರೆಯಾಗಿದ್ದರು. ಆಗ ಹಿರಿಯರು ಕುಂತು ಒಂದು ಮಾತು ಮಾಡಿದ್ದರು. ಅವರ ಅವ್ವ ಗದ್ದೆಮ್ಮ ಅಮವಾಸ್ಯೆಯಿಂದ ಅಮವಾಸ್ಯೆಗೆ ಒಬ್ಬೊಬ್ಬರ ಮನೆಯಲ್ಲಿ. ಹಿರಿಯ ಮಗ ಆದಪ್ಪ ಸಿಂಧನೂರಿನಲ್ಲಿ, ಅಕ್ಕಿ ಗಿರಣಿಯ ಕೆಲಸದಲ್ಲಿ. ಕಿರಿಯವನು ಲಿಂಗಸುಗೂರಿನಲ್ಲಿ. ನಡುವೆ ಮಸ್ಕಿ. ಕಳಿಸುವವನು ತನ್ನೂರಲ್ಲಿ ಬಸ್ ಹತ್ತಿಸಬೇಕು, ಕರೆದುಕೊಳ್ಳುವವನು ಮಸ್ಕಿಯ ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಬೇಕು. ಅರ್ಧ ಹಾದಿ ನಿನ್ನದು, ಅರ್ಧ ಹಾದಿ ನನ್ನದು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ಟಿಕೆಟ್ಟಾದ ಮೇಲೆ ಟಿಕೆಟ್ ಯಾರದು ಎಂಬ ಮಾತೂ ಉಳಿದಿರಲಿಲ್ಲ.

ಆದರೆ ವರ್ಷಕ್ಕೆ ಹದಿಮೂರನೆಯ ತಿಂಗಳು ಬಂದರೆ ಅದು ಯಾರದು ಎಂದು ಯಾವ ಹಿರಿಯನೂ ಹೇಳಿರಲಿಲ್ಲ.

ಬೀರಲಿಂಗ ಕೈ ತೊಳೆದು ಫೋನು ಹಚ್ಚಿದ. ಸ್ಪೀಕರಿನಲ್ಲಿ ಆದಪ್ಪನ ದನಿ, ಹಿಂದೆ ಗಿರಣಿಯ ಗದ್ದಲ.

"ಯಣ್ಣಾ, ಜ್ಯೇಷ್ಠ ಮಾಸ ನಂದು. ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ಅಧಿಕ. ಅವ್ವ ಎಲ್ಲಿದಾಳೋ ಅಲ್ಲೇ ಇರ್ಲಿ. ನಿಜ ಜ್ಯೇಷ್ಠಕ್ಕ ನಾ ಮಸ್ಕಿಗೆ ಬರ್ತೀನಿ."

"ಮಾತು ಆಗಿದ್ದು ಅಮವಾಸಿ ಮ್ಯಾಲ. ತಿಂಗಳ ಹೆಸರು ಕಟ್ಗೊಂಡು ಏನ್ ಮಾಡ್ತಿ? ಅಮವಾಸಿ ಬಂತು, ನಾ ಬಸ್ ಹತ್ತಿಸ್ತೀನಿ."

"ಹತ್ತಿಸ್ಬ್ಯಾಡ. ನಾ ಬರಂಗಿಲ್ಲ."

"ನಾ ಹತ್ತಿಸವ್ನ."

"ನಾ ಬರಂಗಿಲ್ಲ ಅಂದ್ನಿ!"

ಫೋನು ಯಾರು ಮೊದಲು ಇಟ್ಟರೋ ತಿಳಿಯಲಿಲ್ಲ. "ಹತ್ತಿಸಂಗಿಲ್ಲ ತಗೋ," ಅಂದ ಬೀರಲಿಂಗ, ಹೆಂಡತಿಗೆ. "ಬಾಯಿಲೆ ಅಂತಾನ."

ಪ್ರಿಯಾಂಕಾ ಮತ್ತೆ ಹಾಳೆಗೆ ಬಗ್ಗಿದಳು. ಅವಳ ಕಾಲೇಜಿನಲ್ಲಿ ಎರಡು ನಿಮಿಷದ ಮೂಕಚಿತ್ರದ ಸ್ಪರ್ಧೆ ಇತ್ತು. ವಿಷಯ, ಒಂದು ಬಸ್ ಪ್ರಯಾಣ. ಮೊದಲು ಸ್ಟೋರಿಬೋರ್ಡ್, ಅಂದರೆ ಒಂದೊಂದು ದೃಶ್ಯಕ್ಕೆ ಒಂದೊಂದು ಚೌಕದಂತೆ ಬರೆದ ಚಿತ್ರಗಳ ಸಾಲು ಕೊಡಬೇಕು, ಆಯ್ಕೆಯಾದವರಿಗೆ ಮಾತ್ರ ಕ್ಯಾಮರಾ. ಅವಳಿಗೆ ಅಜ್ಜಿಯ ಬಸ್ಸು ಬಿಟ್ಟರೆ ಬೇರೆ ಯಾವ ಬಸ್ಸೂ ಕಣ್ಣಿಗೆ ಬಂದಿರಲಿಲ್ಲ.

ಅಜ್ಜಿ ಅಂದರೆ ಅವಳಿಗೆ ಕಥೆ. ಚಿಕ್ಕಂದಿನಲ್ಲಿ ಕಂಬಳಿಯ ಕೆಳಗೆ ಕೇಳಿದ ಕಥೆಗಳಲ್ಲಿ ಒಂದೂ ಅದೇ ದಿನ ಮುಗಿದದ್ದಿಲ್ಲ. ಏಳು ಬಾಗಿಲಿನ ಅರಮನೆಯ ಆರನೇ ಬಾಗಿಲಿಗೆ ಬಂದು ಅಜ್ಜಿ ಆಕಳಿಸುತ್ತಿದ್ದಳು. "ಉಳಿದದ್ದು ನಾಳಿ. ಇವತ್ತ ಹೇಳಿ ಮುಗಿಸಿದ್ರ ನಾಳಿ ನನ್ನ ಯಾರು ಕೇಳ್ತಾರ?" ತಿಂಗಳ ಸರದಿ ಶುರುವಾದ ಮೇಲೆ ಕಥೆಗಳು ಅಮವಾಸ್ಯೆಗೆ ಬಂದು ತುಂಡಾಗುತ್ತಿದ್ದವು. ಹೋದ ಸಲದ್ದು ಇನ್ನೂ ಉಳಿದಿತ್ತು. ಅದರಲ್ಲಿ ಒಬ್ಬ ರಾಣಿ ಬಾವಿಗೆ ಇಳಿದಿದ್ದಳು, ಮೇಲೆ ಬಂದಿರಲಿಲ್ಲ.

*

ಕಾಲೇಜಿನಲ್ಲಿ ಸ್ಪರ್ಧೆ ನೋಡಿಕೊಳ್ಳುತ್ತಿದ್ದ ಭಾರತಿ ಮೇಡಂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಇಪ್ಪತ್ತನಾಲ್ಕು ಚೌಕ. ಪ್ರತಿಯೊಂದರ ಕೆಳಗೆ ಐದು ಸೆಕೆಂಡು.

"ಇಪ್ಪತ್ತನಾಲ್ಕು ಐದಲೆ ನೂರಾ ಇಪ್ಪತ್ತು. ಲೆಕ್ಕ ಸರಿ," ಅಂದರು. "ಆದ್ರ ಟಿಕೆಟ್ ನೋಡಾಕೂ ಐದು ಸೆಕೆಂಡು, ಒಬ್ಬ ಮನುಷ್ಯಾ ಕಾಯೋದಕ್ಕೂ ಐದು ಸೆಕೆಂಡು ಅಂದ್ರ ಹೆಂಗ? ಗಡಿಯಾರ ಇಟ್ಕೊಂಡು ನೋಡೀಯೇನು?"

"ಇಲ್ರಿ ಮೇಡಂ."

"ಏಳನೇದು ಓದು."

"'ಅಜ್ಜಿಗೆ ದುಃಖವಾಗಿದೆ'," ಓದಿದಳು.

"ದುಃಖ ಕ್ಯಾಮರಾಕ್ಕ ಕಾಣ್ತೈತೇನವಾ? ಮೂಕಚಿತ್ರ ಇದು. ಅಜ್ಜಿ ಕೈ ಏನ್ ಮಾಡಾಕತ್ತೈತಿ, ಅದು ಬರಿ. ದೂರದಿಂದ ತಗೋತೀಯೋ, ಎದಿತನಕ ತಗೋತೀಯೋ, ಕೈ ಅಷ್ಟ ಕ್ಲೋಸಪ್ಪೋ, ಅದನ್ನ ಬರಿ. ಚಿತ್ರ ಚೆಂದ ಇರ್ಬೇಕಂತಿಲ್ಲ, ಗೆರಿ ಮನುಷ್ಯಾ ಆದ್ರೂ ನಡೀತೈತಿ. ಮನುಷ್ಯಾ ಸರಿದ್ರ ಚೌಕದ ಒಳಗ ಬಾಣ, ಕ್ಯಾಮರಾ ಸರಿದ್ರ ಚೌಕದ ಹೊರಗ ಬಾಣ."

ಆಮೇಲೆ ಅವರ ಬೆರಳು ಹನ್ನೊಂದನೇ ಚೌಕದ ಮೇಲೆ ನಿಂತಿತು. "ಇಲ್ಲಿ ತಪ್ಪೈತಿ. ಮೊದಲಿಂದ ನಿನ್ ಬಸ್ಸು ಎಡದಿಂದ ಬಲಕ್ಕ ಹೊಂಟೈತಿ. ನೋಡವ್ರಿಗೆ ಬಲ ಅಂದ್ರ ಲಿಂಗಸೂರು ಅಂತ ಆತು. ಇಲ್ಲಿ ನೀ ರಸ್ತೆ ದಾಟಿ ಆ ಕಡಿಂದ ತಗದೀ. ಬಸ್ಸು ಬಲದಿಂದ ಎಡಕ್ಕ ಹೊಂಟಂಗ ಕಾಣ್ತೈತಿ. ನೋಡವ್ರು ಏನಂತಾರ? ಮುದುಕಿ ತಿರುಗಿ ಹೊಂಟ್ಲು ಅಂತಾರ. ರಸ್ತಿ ನಡುವ ಒಂದು ಗೆರಿ ಐತಂತ ತಿಳ್ಕೋ. ಕ್ಯಾಮರಾ ಆ ಗೆರಿ ದಾಟಬಾರದು."

"ಬಸ್ಸು ಖರೇನ ತಿರುಗಿ ಹೋಗೋದಿದ್ರ?"

"ಆಗ ನಡುವ ಒಂದು ಶಾಟ್ ಹಾಕ್ಬೇಕು. ಬಸ್ಸು ನೇರ ಕ್ಯಾಮರಾದ ಮಾರಿಗೆ ಬರೂ ಹಂಗ. ಅದರಾಗ ಎಡ ಇಲ್ಲ, ಬಲ ಇಲ್ಲ. ಅದಾದ ಮ್ಯಾಲ ಯಾವ ಕಡಿಗಾದ್ರೂ ತಿರುಗಿಸು." ಮೇಡಂ ಕೊನೆಯ ಚೌಕ ನೋಡಿದರು. ಅದರಲ್ಲಿ ಮಸ್ಕಿಯಲ್ಲಿ ಮಗ ಬೈಕಿನ ಮೇಲೆ ಬಂದು ಅಜ್ಜಿಯ ಚೀಲ ಇಸಿದುಕೊಳ್ಳುತ್ತಿದ್ದ, ಹಿಂದೆ ಸೂರ್ಯ. "ಇದನ್ನ ಕಣ್ಣಿಲೆ ನೋಡೀಯೇನು?"

"ಅಪ್ಪ ಹಂಗ ಕರ್ಕೊಂಡು ಬರ್ತಾನ್ರಿ."

"ನೋಡೀಯೇನು ಅಂದ್ನಿ. ಹೋಗು, ಅದ ಬಸ್ಸಿನ್ಯಾಗ ಕುಂದ್ರು, ಗಡಿಯಾರ ಹಿಡಿ. ಕಂಡಿದ್ದು ಬರಕೊಂಡು ಬಾ."

*

ಅಮವಾಸ್ಯೆಯ ದಿನ ಬೀರಲಿಂಗ ಮಸ್ಕಿಗೆ ಹೋಗಲಿಲ್ಲ. ಎರಡು ಸಲ ಅಂಗಡಿಯಿಂದ ಎದ್ದು ಬೈಕಿನ ಹತ್ತಿರ ಹೋದ, ಎರಡು ಸಲವೂ ಸೀಟು ಕಾದಿದೆ ಎಂದು ಬಂದು ಕುಳಿತ. ಸಂಜೆಯವರೆಗೂ ಫೋನು ಬರಲಿಲ್ಲ.

"ನೋಡಿದ್ಯಾ? ಹತ್ತಿಸಿದ್ರ ಇಷ್ಟೊತ್ತಿಗೆ ಫೋನ್ ಬರ್ತಿತ್ತು," ಅಂದ.

ಮರುದಿನ ಗಂಡ ಹೆಂಡತಿ ಗುರುಗುಂಟಾಕ್ಕೆ ಹೋದರು. ಬೀರಲಿಂಗ ಎರಡು ದಿನ ಹೋಳಿಗೆ ಉಂಡು ತಿರುಗಿ ಬಂದ, ಉಮಾದೇವಿ ಉಳಿದಳು. ಪ್ರಿಯಾಂಕಾ ಅಪ್ಪನಿಗೆ ಅನ್ನ ಸಾರು ಮಾಡಿ ಹಾಕುತ್ತ, ಪರೀಕ್ಷೆಗೆ ಓದುತ್ತ, ಮೇಡಂ ಹೇಳಿದ ಪ್ರಯಾಣವನ್ನು ಅಮವಾಸ್ಯೆಯಾದ ಒಂಬತ್ತನೆಯ ದಿನಕ್ಕೆ ಮುಂದೂಡಿದಳು.

ಬೆಳಗಿನ ಬಸ್ಸು. ತೊಡೆಯ ಮೇಲೆ ಬರೆಯುವ ಪಟ್ಟಿ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚು. ಬಾಗಿಲು ಬಡಿದು ಹಾಕಲು ಮೂರು ಸೆಕೆಂಡು. ಕಂಡಕ್ಟರು ಟಿಕೆಟ್ ಹರಿದು ಕೊಡಲು ನಾಲ್ಕು. ಮಸ್ಕಿಯಲ್ಲಿ ಬಸ್ಸು ಆರು ನಿಮಿಷ ನಿಂತಿತು. ಅವಳು ಬೆಳಕು ಯಾವ ಕಿಟಕಿಗೆ ಬೀಳುತ್ತದೆಂದು ಎಡಗಡೆಗೇ ನೋಡುತ್ತ ಬರೆದುಕೊಂಡಳು. ಬೆಂಚುಗಳು ಬಲಗಡೆ ಇದ್ದವು. ಮಸ್ಕಿ ದಾಟಿದ ಮೇಲೆ ಕಲ್ಲುಗುಡ್ಡ ಹಿಂದಕ್ಕೆ ಸರಿದು, ಕಾಲುವೆ ಸೀಮೆಯ ಕೊಯ್ದ ಭತ್ತದ ಕೂಳೆ ಬಯಲಾಗಿ ಹರಡಿತು. ಪಟ್ಟಿಯಲ್ಲಿ ಬರೆದಳು: 'ಹೋಗುವಾಗ ಕಲ್ಲು ಮೊದಲು, ಆಮೇಲೆ ಗದ್ದೆ. ಅಜ್ಜಿ ಬರುವಾಗ ಇದು ತಿರುಗಾಮುರುಗಾ.'

ಸಿಂಧನೂರಿನಲ್ಲಿ ಇಳಿದು ಅಜ್ಜಿಗೆ ಚಿತ್ರಗಳನ್ನು ತೋರಿಸಬೇಕೆಂದು ನೇರ ದೊಡ್ಡಪ್ಪನ ಮನೆಗೆ ನಡೆದಳು. ಅಂಗಳದಲ್ಲಿ ಅಜ್ಜಿಯ ನವಾರದ ಮಂಚ ಗೋಡೆಗೆ ಆನಿಸಿ ನಿಲ್ಲಿಸಿತ್ತು. ದೊಡ್ಡವ್ವ ಶೇಖಮ್ಮ ಅದರ ಮೇಲೆ ಹಪ್ಪಳದ ಬಟ್ಟೆ ಹರವುತ್ತಿದ್ದಳು.

"ಬಾರವಾ! ಒಬ್ಬಾಕಿನ ಬಂದೀಯಲ್ಲ, ಯಾಕ? ನಿಮ್ಮಜ್ಜಿ ಹೆಂಗದಾಳ? ಮೊಣಕಾಲ ಬ್ಯಾನಿ ಕಡಿಮಿ ಆತೇನು?"

ಪ್ರಿಯಾಂಕಾಳಿಗೆ ಮೊದಲು ಅರ್ಥವಾಗಲಿಲ್ಲ. "ಅಜ್ಜಿ ಒಳಗಿಲ್ಲೇನು ದೊಡ್ಡವ್ವ?"

"ಒಳಗಂದ್ರ? ಅಮವಾಸಿ ದಿನ ನಿಮ್ಮ ದೊಡ್ಡಪ್ಪ ಬಸ್ ಹತ್ತಿಸಿ ಬಂದಾನಲ್ಲ, ಕಂಡಕ್ಟರಗೂ ಹೇಳಿ."

"ಅಪ್ಪ ಮಸ್ಕಿಗೆ ಹೋಗಿಲ್ಲ."

ಶೇಖಮ್ಮನ ಕೈಯಿಂದ ಬಟ್ಟೆ ಜಾರಿತು. "ಯವ್ವಾ... ಒಂಬತ್ತು ದಿನ ಆತಲ್ಲೇ!"

*

ಫೋನಿನಲ್ಲಿ ಬೀರಲಿಂಗ ಒಂದೇ ಮಾತು ಕೇಳಿದ. "ಖರೇನ ಹತ್ತಿಸ್ಯಾನಾ?" ಆಮೇಲೆ ಬೈಕು ಚಾಲೂ ಆದ ಸದ್ದು. ಆದಪ್ಪ ಗಿರಣಿಯಿಂದ ಹೊರಡುವ ಹೊತ್ತಿಗೆ ಪ್ರಿಯಾಂಕಾ ಸಿಕ್ಕ ಬಸ್ಸು ಹತ್ತಿಯಾಗಿತ್ತು. ಸ್ಟಾಪ್‌ವಾಚು ಆರಿಸುವುದು ಮರೆತು, ಮಸ್ಕಿ ಬರುವವರೆಗೂ ಅದು ಕೈಯಲ್ಲಿ ಓಡುತ್ತಲೇ ಇತ್ತು.

ಬಲಗಡೆಯ ಕೊನೆಯ ಬೆಂಚು. ಪಕ್ಕದಲ್ಲಿ ಕುದಿಸಿದ ಶೇಂಗಾ ಮಾರುವ ಲಾಲ್‌ಬೀಯ ಬುಟ್ಟಿ. ಬುಟ್ಟಿಯ ಆಚೆ ಅಜ್ಜಿ, ಕಾಲಸಂದಿಯಲ್ಲಿ ರೆಕ್ಸಿನ್ ಚೀಲ, ಮಡಿಲಲ್ಲಿ ಶೇಂಗಾದ ಸಿಪ್ಪೆ.

"ಬಂದ್ಯಾ?" ಅಂದಳು ಗದ್ದೆಮ್ಮ, ನಿನ್ನೆ ಬಿಟ್ಟು ಹೋದವಳನ್ನು ಕೇಳಿದ ಹಾಗೆ. "ನಿಮ್ಮಪ್ಪ ಗಾಡಿ ಎಲ್ಲಿ ನಿಲ್ಸ್ಯಾನ?"

ಪ್ರಿಯಾಂಕಾ ಅವಳ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಲಾಲ್‌ಬೀ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಏ ಬೇಟಿ, ಅಳಬ್ಯಾಡ. ನಾ ದಿನಾ ಅಂದ್ನಿ, ಅಮ್ಮಾ ನಂಬರ್ ಹೇಳು, ಫೋನ್ ಹಚ್ತೀನಿ ಅಂತ. ಈ ಮುದುಕಿ ಏನಂತಾಳ? ನಾಳಿ ಬರ್ತಾನ, ನಾಳಿ ಬರ್ತಾನ. ಸಂಜಿ ಆತಂದ್ರ ನಮ್ಮನೀಗೆ. ನನ್ ಮಕ್ಕಳಿಗೆ ದಿನಾ ಕಥಿ. ಅದ್ಯಾವಾಕಿ ಬಾವಿಗೆ ಇಳದಾಳಲ್ಲ ರಾಣಿ, ಇನ್ನಾ ಮ್ಯಾಲೆ ಬಂದಿಲ್ಲ."

"ಅಜ್ಜಿ, ಸಿಂಧನೂರಿಗೆ ತಿರುಗಿ ಹೋಗಬೇಕಿಲ್ಲ? ಬಸ್ಸು ಇತ್ತಲ್ಲ!"

"ಹೋಗಿದ್ನಿ." ಗದ್ದೆಮ್ಮ ಒಂದು ಶೇಂಗಾ ಸುಲಿದು ಮೊಮ್ಮಗಳ ಕೈಯಲ್ಲಿಟ್ಟಳು. "ಅವತ್ತ ಹೊತ್ತು ಇಳಿಯೂ ತನಕ ಕುಂತ್ನಿ, ಆಮ್ಯಾಲ ಬಸ್ ಹತ್ತಿ ಹೋದ್ನಿ. ಓಣಿ ತಿರುವಿನ್ಯಾಗ ನಿಂತು ನೋಡಿದ್ನಿ. ನನ್ ಮಂಚ ಎಬ್ಬಿಸಿ ಗ್ವಾಡಿಗೆ ನಿಲ್ಲಿಸಿದ್ಳು ಶೇಖಿ. ನವಾರಕ್ಕ ನೀರು ಹೊಡ್ಯಾಕತ್ತಿದ್ಳು. ಮುಂಜಾನಿ ಹೋಗೀನಿ, ಸಂಜಿಗೆ ಮಂಚ ತೊಳದಾಳ. ಒಳಗ ಹೋಗಿ ಎಲ್ಲಿ ಮಕ್ಕೊಳ್ಲಿ? ಹಂಗ ಹಿಂದಕ ಬಂದ್ನಿ."

ಬೀರಲಿಂಗ ಬೈಕು ನಿಲ್ಲಿಸುವುದಕ್ಕೂ ಆದಪ್ಪ ಬಸ್ಸಿನಿಂದ ಇಳಿಯುವುದಕ್ಕೂ ಸರಿ ಹೋಯಿತು. ಇಬ್ಬರೂ ಅವ್ವನ ಕಡೆ ಒಂದು ಸಲ ನೋಡಿದರು, ಇದ್ದಾಳೆ ಎಂದು ಖಾತ್ರಿಯಾದ ಕೂಡಲೇ ಒಬ್ಬರ ಮೇಲೊಬ್ಬರು ಹರಿಹಾಯ್ದರು.

"ಬರಂಗಿಲ್ಲ ಅಂತ ಹೇಳಿದ್ನಿಲ್ಲೋ?"

"ಹತ್ತಿಸ್ತೀನಿ ಅಂತ ನಾನೂ ಹೇಳಿದ್ನಿ!"

"ಹತ್ತಿಸಿ ಒಂದು ಫೋನ್ ಹಚ್ಚಾಕ ಏನಾಗಿತ್ತು ನಿನಗ?"

"ನೀ ಬರಲಿಲ್ಲಂದ್ರ ನೀ ಹಚ್ಚಬೇಕಿತ್ತು!"

ಲಾಲ್‌ಬೀ ಕೊರಳೆತ್ತಿದಳು. "ಏ ಭೈಯ್ಯಾ, ಜಗಳ ಆ ಕಡೆ ಮಾಡ್ರಿ. ಗಿರಾಕಿ ಬರೂ ಹೊತ್ತು."

ಲಿಂಗಸುಗೂರಿನ ಬಸ್ಸು ಬಂತು. ಗದ್ದೆಮ್ಮ ಚೀಲ ಎತ್ತಿಕೊಂಡಳು. ಅಜ್ಜಿ ಮೊಮ್ಮಗಳು ಹತ್ತಿ ಕುಳಿತು, ಸೊನ್ನೆ ಟಿಕೆಟ್ ಹರಿಸಿಕೊಂಡು, ಬಸ್ಸು ಸ್ಟ್ಯಾಂಡು ಬಿಟ್ಟು ಹೊರಟರೂ ಅಣ್ಣತಮ್ಮಂದಿರು ಬಿಸಿಲಿನಲ್ಲಿ ಕೈ ಬೀಸಿ ಮಾತಾಡುತ್ತಲೇ ಇದ್ದರು. ಕಿಟಕಿಯಿಂದ ನೋಡಿದರೆ ಅದೂ ಮೂಕಚಿತ್ರವೇ ಆಗಿತ್ತು.

*

ಪ್ರಿಯಾಂಕಾ ಹಳೆಯ ಹಾಳೆಗಳನ್ನು ಒಲೆಗೆ ಹಾಕಿ ಹೊಸದಾಗಿ ಬರೆದಳು. ನಾಲ್ಕು ದಿನ ಹಿಡಿಯಿತು. ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದಳು. ಚೀಲ ಯಾವ ಕೈಯಲ್ಲಿತ್ತು? ಕಾಲು ಮೇಲಿತ್ತೋ ಕೆಳಗಿತ್ತೋ? ಹದಿನೆಂಟು ಚೌಕಗಳಾದವು. ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ, ಮೂರು ಸಾಲಾಗಿ ಅಂಟಿಸಿದಳು.

ಗುರುಗುಂಟಾದಿಂದ ಉಮಾದೇವಿ ಬಂದ ದಿನವೇ ಆದಪ್ಪನೂ ಬಂದ. ಹಿರಿಯರನ್ನು ಕೂರಿಸಿ ಅಧಿಕ ಮಾಸದ ಮಾತು ತೀರಿಸಬೇಕೆಂದು. ಊಟಕ್ಕೆ ಕುಳಿತವನ ಕಣ್ಣು ಗೋಡೆಗೆ ಹೋಯಿತು.

"ಏನಿದು?"

"ನಂದು," ಅಂದಳು ಗದ್ದೆಮ್ಮ. ಓದು ಬಾರದ ಅವಳು ಎದ್ದು ಹೋಗಿ ಮೊದಲ ಚೌಕದ ಮೇಲೆ ಬೆರಳಿಟ್ಟಳು. "ಇದು ಸಿಂಧನೂರು. ಬಸ್ ನಿಂತೈತಿ, ದೂರಿಂದ. ಇದು ಎಷ್ಟೊತ್ತವಾ?"

"ಏಳು ಸೆಕೆಂಡು ಅಜ್ಜಿ."

"ಎರಡನೇದು, ಕಿಟಕ್ಯಾಗ ಚೀಲ ಕೊಡೂ ಕೈ. ಇದು ಆದಪ್ಪಂದು."

ಆದಪ್ಪ ರೊಟ್ಟಿ ಬಿಟ್ಟ. "ಮಾರಿನ ಇಲ್ಲಲ್ಲ, ನಂದು ಅಂತ ಹೆಂಗ?"

"ಕಿರಿಬೆರಳಿನ್ಯಾಗ ಉಂಗುರ ಐತಲ್ಲೋ. ಐದು ಸೆಕೆಂಡು ಕೊಟ್ಟಾಳ ನಿನಗ." ಬೆರಳು ಮುಂದಕ್ಕೆ ಸರಿಯಿತು. "ಇದು ಟಿಕೆಟ್, ಅಂಗೈ ಮ್ಯಾಲ. ನಾಕು. ಬಸ್ಸು ಈ ಕಡಿಗೆ ಹೊಂಟೈತಿ, ಹಿಂದ ಭತ್ತದ ಕೂಳಿ. ಆರು. ನಾ ಚೀಲ ತಗದು ನೋಡಿ ಮುಚ್ಚೀನಿ. ಆರು. ಇಲ್ಲಿ ಕಲ್ಲು ಬಂತು, ಮಸ್ಕಿ ಗುಡ್ಡ. ಆರು. ಇಳದ್ನಿ, ಬಸ್ ಹೋತು. ಏಳು. ಇದು ನನ್ ಕಾಲು, ನಡುವ ಚೀಲ."

"ಐದು," ಅಂದಳು ಪ್ರಿಯಾಂಕಾ.

"ಒಂಬತ್ತನೇದು ಬೆಂಚು. ನೆಳ್ಳು ಇಲ್ಲಿದ್ದಿದ್ದು ಇಲ್ಲಿಗೆ ಹೋಗೈತಿ. ಹತ್ತನೇದು ಗಾಡಿ. ಗಾಡಿ ಬಂದಾಗೆಲ್ಲ ನಾ ಹೊಳ್ಳಿ ನೋಡೀನಿ."

ಬೀರಲಿಂಗ ಹತ್ತಿರ ಬಂದು ಬಗ್ಗಿ ನೋಡಿದ. ಎಂಟು ಸೆಕೆಂಡಿನ ಚೌಕದಲ್ಲಿ ಮೂರು ಬೈಕು, ಒಳಗೆ ಮೂರು ಬಾಣ, ಅಜ್ಜಿಯ ತಲೆಗೆ ಮೂರು ಬಾಣ. ಮುಂದಿನ ಸಾಲುಗಳನ್ನೂ ನೋಡಿ ಉಸಿರು ಬಿಟ್ಟ.

"ಇದ್ರಾಗ ನಾ ಎಲ್ಲೂ ಇಲ್ಲಲ್ಲ."

"ಹೌದಪ್ಪ," ಅಂದಳು ಗದ್ದೆಮ್ಮ. "ನೀ ಇಲ್ಲ."

ಅಜ್ಜಿಯ ಬೆರಳು ನಡೆಯುತ್ತಲೇ ಇತ್ತು. "ಇಲ್ಲಿ ಬಸ್ಸು ಮಾರಿಗೆ ಬರ್ತೈತಿ, ಯಾವ ಕಡಿಗಂತ ತಿಳಿಯಂಗಿಲ್ಲ. ನಾಕು. ಈಗ ನೋಡ್ರಿ, ಹೊಳ್ಳಿ ಸಿಂಧನೂರಿಗೆ ಹೊಂಟೈತಿ. ಆರು. ಓಣಿ. ಮಂಚ ನಿಂತೈತಿ. ಎಂಟು. ನನ್ ಹಿಮ್ಮಡ ತಿರುಗೈತಿ. ನಾಕು. ಮತ್ತ ಮಾರಿಗೆ ಬಸ್ಸು, ನಾಕು. ಮತ್ತ ಮಸ್ಕಿ ಕಡಿಗೆ, ಐದು. ಇದು ಲಾಲ್‌ಬೀ ಕೈ. ಶೇಂಗಾ ಗುಂಪಿ ಎರಡು ಮಾಡಿ ಒಂದು ನನ್ನ ಕಡಿಗೆ ದಬ್ಬ್ಯಾಳ. ಒಂಬತ್ತು."

ಹದಿನೆಂಟನೆಯ ಚೌಕ ಖಾಲಿ ಇತ್ತು. ಕೆಳಗೆ ಹದಿನಾಲ್ಕು ಸೆಕೆಂಡು ಎಂದು ಮಾತ್ರ ಬರೆದಿತ್ತು.

ಮೊದಲು ಮಾತಾಡಿದ್ದು ಆದಪ್ಪ. "ಇದನ್ನ ಸಿನಿಮಾ ಮಾಡಿ ಕಾಲೇಜಿನ್ಯಾಗ ತೋರಸ್ತೀಯೇನು? ಫೋನಿಗೆ ಬಿಡ್ತಾರ ಅದನ್ನ. ಗಿರಣ್ಯಾಗ ಮಂದಿ ನನ್ ಉಂಗುರ ನೋಡಿ ನಗಬೇಕೇನು? ಹರದು ಒಗಿ ಲೇ ಬೀರ್ಯಾ!"

"ಹರೀಬ್ಯಾಡ್ರಿ," ಅಂದಳು ಉಮಾದೇವಿ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಚಿತ್ರಗಳನ್ನು ನೋಡುತ್ತಿದ್ದಳು. "ಆದ್ರ ಒಂದು ಕೇಳ್ತೀನಿ ಪ್ರಿಯಾಂಕಾ. ಲಾಲ್‌ಬೀ ಕೈಗೆ ಒಂಬತ್ತು ಸೆಕೆಂಡು ಕೊಟ್ಟಿ. ಒಂಬತ್ತು ದಿನ ಹಾಕ್ಯಾಳ, ಕೊಡು. ಎರಡು ವರ್ಷ ಇಕಿ ಮೊಣಕಾಲಿಗೆ ಎಣ್ಣಿ ತಿಕ್ಕಿದ್ದು, ಜಳಕಕ್ಕ ನೀರು ಕಾಸಿದ್ದು, ಬಟ್ಟಿ ತೊಳದಿದ್ದು ಯಾರ ಕೈ? ನಿಮ್ಮಪ್ಪಂದಾ? ಒಂದು ತಿಂಗಳು ತವರಿಗೆ ಹೋಗ್ತೀನಿ ಅಂದಿದ್ದಕ್ಕ ನಾ ಕೆಟ್ಟಾಕಿ ಆದ್ನಿ. ನನ್ ಕೈ ಎಲ್ಲೈತಿ ಇದ್ರಾಗ?"

ಗಂಡಸರಿಬ್ಬರೂ ತಟ್ಟೆ ನೋಡಿದರು.

"ಇಕಿ ಹೇಳೂದು ಖರೇ ಐತಿ," ಅಂದಳು ಗದ್ದೆಮ್ಮ. "ನಾ ಚೀಲ ತಗದು ನೋಡೀನಲ್ಲ ಬಸ್ಸಿನ್ಯಾಗ, ಅದರಾಗ ಏನಿತ್ತು ಬರದೀಯೇನು? ಎಣ್ಣಿ ಬಾಟ್ಲಿ. ಉಮಿ ಹೋದ ಸಲ ಕಾಸಿ ತುಂಬಿ ಕೊಟ್ಟಿದ್ದು. ಅದನ್ನ ಕ್ಲೋಸಪ್ಪ್ ಮಾಡು." ಆ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ಪ್ರಿಯಾಂಕಾ ನಕ್ಕುಬಿಟ್ಟಳು. "ಮತ್ತ ಬೆಂಚಿಗೆ ಎಷ್ಟು ಕೊಟ್ಟಿ?"

"ಹನ್ನೆರಡು."

"ಸಾಲಂಗಿಲ್ಲ. ನಾ ಭಾಳ ಹೊತ್ತು ಕುಂತೀನಿ."

"ಒಟ್ಟು ನೂರಾ ಇಪ್ಪತ್ತು ಮೀರಬಾರದಜ್ಜಿ. ಇದಕ್ಕ ಕೊಟ್ರ ಬ್ಯಾರೆ ಕಡೆ ಕಡದು ಕೊಡಬೇಕು."

ಗದ್ದೆಮ್ಮ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಎರಡನೆಯ ಚೌಕದ ಮೇಲೆ ಬೆರಳಿಟ್ಟಳು. "ಈ ಕೈ ತಗಿ. ಇದರ ಐದು ಬೆಂಚಿಗೆ ಹಾಕು. ಚೀಲ ಮೊದಲ ನನ್ ತೊಡಿ ಮ್ಯಾಲ ಇತ್ತಂತ ತೋರ್ಸಿಬಿಡು. ಆದಪ್ಪಗ ಉಂಗುರದ ಚಿಂತಿನೂ ಹೋಗ್ತೈತಿ."

ಆದಪ್ಪನ ಮುಖ ಕಪ್ಪಾಯಿತು. "ಯವ್ವಾ..." ಅಂದ. ಪ್ರಿಯಾಂಕಾ ಕೆಂಪು ಪೆನ್ನಿನಿಂದ ಆ ಚೌಕದ ಮೇಲೆ ಅಡ್ಡ ಗೆರೆ ಎಳೆದಳು. ಬೆಂಚಿನ ಕೆಳಗೆ ಹನ್ನೆರಡು ಹೊಡೆದು ಹದಿನೇಳು ಎಂದು ಬರೆದಳು. ಆದಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದ. ಹಿರಿಯರ ಮಾತು ಆ ದಿನ ಯಾರೂ ಎತ್ತಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ. "ಆ ಕೊನೇದು ಯಾಕ ಖಾಲಿ ಬಿಟ್ಟಿ?"

"ಏನಾಗ್ತೈತೋ ಗೊತ್ತಿಲ್ಲ ದೊಡ್ಡಪ್ಪ. ಮೇಡಂ ಕಂಡಿದ್ದಷ್ಟ ಬರಿ ಅಂದಾರ."

*

ಆ ಖಾಲಿ ಚೌಕದಿಂದ ಮನೆಯೊಳಗೆ ಏನೇನೋ ಆಗತೊಡಗಿತು. ಬೀರಲಿಂಗ ಕೂಲರನ್ನು ಅವ್ವನ ಹಾಸಿಗೆಯ ಕಡೆ ತಿರುಗಿಸಿದ. ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಫ್ಯಾನಿಗೆ ತಂತಿ ಸುತ್ತಿ ತಂದು ಉಮಾದೇವಿಯ ತಲೆದೆಸೆಗೆ ಇಟ್ಟ. ಉಮಾದೇವಿ ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿ ಅತ್ತೆಗೆ ಕೊಡುವಾಗ ಒಮ್ಮೆ ಗೋಡೆಯ ಕಡೆ ನೋಡುತ್ತಿದ್ದಳು. ಎರಡು ದಿನಕ್ಕೊಮ್ಮೆ ಶೇಖಮ್ಮನ ಫೋನು. "ಮಂಚ ಹಾಸೀನಿ ಅಂತ ಹೇಳವಾ ಅತ್ತಿಗೆ. ಹೊಸಾ ನವಾರ. ಅದನ್ನೂ ಬರಿ."

"ನೋಡಿದ್ರ ಬರೀತೀನಿ ದೊಡ್ಡವ್ವ."

ಭಾರತಿ ಮೇಡಂ ಮೊಬೈಲಿನ ಫೋಟೋದಲ್ಲಿ ಹದಿನೇಳು ಚೌಕಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ, "ಬಸ್ಸು ತಿರುಗೂದು ಸರಿ ಬಂದೈತಿ," ಅಂದರು. "ಕೊನೇದು ತುಂಬಿಸು. ಶನಿವಾರ ಕಡೀ ದಿನ. ಇದು ಗೆಲ್ತೈತಿ ಪ್ರಿಯಾಂಕಾ. ಕ್ಯಾಮರಾ ನಿನಗ ಸಿಗ್ತೈತಿ."

ಶುಕ್ರವಾರ ಸಂಜೆ ಅಂಗಳದಲ್ಲಿ ಅಜ್ಜಿಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಪ್ರಿಯಾಂಕಾ ಕೇಳಿದಳು. "ಅಜ್ಜಿ, ಕೊನೇದಕ್ಕ ಏನ್ ಬರೀಲಿ? ನಾಳಿ ಕೊಡಬೇಕು."

"ಕೊಟ್ಟ ಮ್ಯಾಲ?"

"ಮುಗೀತು. ಶೂಟಿಂಗ್ ಮಾಡ್ತೀವಿ, ತೋರಸ್ತೀವಿ."

"ಗ್ವಾಡಿ ಮ್ಯಾಲಿಂದು?"

"ತಗದುಬಿಡ್ತೀವಿ."

ಗದ್ದೆಮ್ಮ ಒಳಗೆ ನೋಡಿದಳು. ಕೂಲರಿಗೆ ಬೀರಲಿಂಗ ನೀರು ತುಂಬುತ್ತಿದ್ದ. "ಅಮವಾಸಿ ಯಾವಾಗ?"

"ಸೋಮವಾರ."

"ಹಂಗಾದ್ರ ಅದು ಹಂಗ ಇರ್ಲಿ," ಅಂದಳು. ದನಿ ಕಥೆ ಹೇಳುವಾಗಿನದೇ, ಆದರೆ ಕಣ್ಣು ನಗುತ್ತಿರಲಿಲ್ಲ. "ಇವತ್ತ ಮುಗಿಸಿದ್ರ ನಾಳಿ ನನ್ನ ಯಾರು ಕೇಳ್ತಾರ?"

ಪ್ರಿಯಾಂಕಾಳ ಕೈ ಮೊಣಕಾಲಿನ ಮೇಲೆಯೇ ನಿಂತಿತು.

ಶನಿವಾರ ಅವಳು ಕಾಲೇಜಿಗೆ ಹೋದಳು, ಹಾಳೆಗಳು ಗೋಡೆಯ ಮೇಲೆಯೇ ಇದ್ದವು. ಮೇಡಂ ಕೇಳಿದರು. "ಇನ್ನಾ ಸಿಕ್ಕಿಲ್ರಿ," ಅಂದಳು. ಮೇಡಂ ಬೇಸರದಿಂದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದರು. ಆ ಗೆರೆ ಎಳೆಯಲು ಎರಡು ಸೆಕೆಂಡು ಹಿಡಿಯಿತು.

ಸೋಮವಾರ ಬೆಳಿಗ್ಗೆ ಉಮಾದೇವಿ ರೂಢಿಯ ಮೇಲೆ ರೆಕ್ಸಿನ್ ಚೀಲ ಕೆಳಗಿಳಿಸಿ ಅತ್ತೆಯ ಎರಡು ಸೀರೆ ಮಡಚಿ ಇಟ್ಟಳು. ಎಣ್ಣೆ ಬಾಟಲಿ ತರಲು ಅಡುಗೆಮನೆಗೆ ಹೋದವಳು ತಿರುಗಿ ಬಂದು, ಸೀರೆಗಳನ್ನು ತೆಗೆದು ಗಳದ ಮೇಲೆ ಹಾಕಿದಳು. ಚೀಲವನ್ನು ಮಾತ್ರ ಮೇಲೆ ಇಡಲಿಲ್ಲ. ಅದು ಬಾಗಿಲ ಹತ್ತಿರವೇ, ಬಾಯಿ ತೆರೆದುಕೊಂಡು ಕುಳಿತಿತ್ತು.

ಫೋನು ಬಂತು. ಆದಪ್ಪ. "ಏನ್ ಮಾಡ್ತಿ? ಅವ್ವನ ಇಳಿಸ್ಕೊಳ್ಳಾಕ ಮಸ್ಕಿಗೆ ಬರ್ಲೇನು ನಾ?"

ಬೀರಲಿಂಗ ಕ್ಯಾಲೆಂಡರ್ ನೋಡಿದ. ಅದರ ಪಕ್ಕದ ಗೋಡೆ ನೋಡಿದ. ಗದ್ದೆಮ್ಮ ತಟ್ಟೆಯ ಮುಂದೆ ಕುಳಿತು, ಯಾರ ಮುಖವನ್ನೂ ನೋಡದೆ ರೊಟ್ಟಿ ಮುರಿಯುತ್ತಿದ್ದಳು.

"ಇವತ್ತ ಬ್ಯಾಡಣ್ಣ," ಅಂದ. "ನೋಡೂನು." ಫೋನಿಟ್ಟು ಮಗಳ ಕಡೆ ತಿರುಗಿದ. "ಕೊನೇದ್ರಾಗ ಏನ್ ಬರೀತಿ?"

"ಇನ್ನಾ ಗೊತ್ತಿಲ್ಲಪ್ಪ," ಅಂದಳು ಪ್ರಿಯಾಂಕಾ, ಪೆನ್ನನ್ನು ಜಡೆಗೆ ಸಿಕ್ಕಿಸಿಕೊಳ್ಳುತ್ತ. "ನೋಡಾಕತ್ತೀನಿ."